ಫೋಟೋದಲ್ಲಿರುವ ನಕ್ಷೆಯನ್ನು ಟಿಪ್ಪಣಿಯಾಗಿ ಬರೆಯುವುದು ಹೇಗೆ: ನಮ್ಮ ಕರಾವಳಿಯ ಒಂದು ಪುಟ ಹಿಡಿದು ಸಮಗ್ರ ಮಾರ್ಗದರ್ಶಿ

ನನ್ನ ಅಣ್ಣನ ಮಗಳಿಗೆ ಕಣ್ಣು ತುಂಬಾ ಮಂದ. ಈಗ ಒಂಬತ್ತನೇ ಕ್ಲಾಸು. ಪಾಠವನ್ನೆಲ್ಲ ಫೋನಿನ ಸ್ಕ್ರೀನ್ ರೀಡರ್‌ನಲ್ಲಿ ಕೇಳಿ ಕಲಿಯುತ್ತಾಳೆ. ಸಮಾಜ ವಿಜ್ಞಾನದ ಪಾಠ ಕೇಳಿದರೆ ಅರ್ಥ ಆಗುತ್ತದೆ, ನಕ್ಷೆ ಬಂದ ಕೂಡಲೇ ಫೋನು ‘ಚಿತ್ರ’ ಎಂದು ಹೇಳಿ ಸುಮ್ಮನಾಗುತ್ತದೆ. ಅದಕ್ಕೆ ಅಣ್ಣ ಕಾರ್ಕಳದಿಂದ ನಕ್ಷೆಯ ಫೋಟೋ ಕಳಿಸುತ್ತಾನೆ, ನಾನು ಉಡುಪಿಯಲ್ಲಿ ಕೂತು ಅದನ್ನು ಮಾತಿಗೆ ಇಳಿಸಿ ವಾಪಸ್ ಕಳಿಸುತ್ತೇನೆ.

ಮೊದಲನೇ ಸಲ ‘ಉಡುಪಿಯ ಎಡಕ್ಕೆ, ನೀಲಿ ಭಾಗದಲ್ಲಿ ಮಲ್ಪೆ’ ಎಂದು ಬರೆದಿದ್ದೆ. ಸಂಜೆ ಅವಳ ಫೋನ್ ಬಂತು. “ಚಿಕ್ಕಪ್ಪ, ಮಲ್ಪೆ ಸಮುದ್ರದ ಒಳಗೆ ಉಂಟಾ? ನಾವು ಬಸ್ಸಲ್ಲೇ ಹೋಗಿದ್ದೇವಲ್ಲ?” ನಕ್ಷೆಯಲ್ಲಿ ಮಲ್ಪೆ ಎಂಬ ಹೆಸರು ಸಮುದ್ರದ ಮೇಲೆ ಅಚ್ಚಾಗಿತ್ತು, ಊರಿನ ಚುಕ್ಕಿ ಮಾತ್ರ ದಡದಲ್ಲಿತ್ತು. ನಾನು ಹೆಸರನ್ನು ನೋಡಿ ಬರೆದೆ, ಚುಕ್ಕಿಯನ್ನು ನೋಡಲಿಲ್ಲ. ಅವಳಿಗೆ ಮಲ್ಪೆ ಗೊತ್ತಿತ್ತು, ಹಾಗಾಗಿ ತಪ್ಪು ಸಿಕ್ಕಿತು. ಗೊತ್ತಿಲ್ಲದ ಊರಾಗಿದ್ದರೆ ಅದು ಅವಳ ತಲೆಯಲ್ಲಿ ಸಮುದ್ರದ ಒಳಗೇ ಉಳಿಯುತ್ತಿತ್ತು, ಅಲ್ವಾ?

ಅಲ್ಲಿಂದ ಒಂದು ಕ್ರಮ ಮಾಡಿಕೊಂಡಿದ್ದೇನೆ. ಇಲ್ಲಿ ಅದನ್ನು ಒಂದೇ ಪುಟದ ಮೇಲೆ ತೋರಿಸುತ್ತೇನೆ. ನಮ್ಮ ಮನೆಯ ಒಂದು ಹಳೆಯ ಅಟ್ಲಾಸಿನಲ್ಲಿರುವ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಪ್ರಾಕೃತಿಕ ನಕ್ಷೆ ಅದು. ಎತ್ತರಕ್ಕೆ ಮೂರು ಬಣ್ಣ, ನದಿ, ರಸ್ತೆ, ರೈಲು, ಗಡಿ, ಊರು, ಬಣ್ಣ ಮತ್ತು ಚಿಹ್ನೆಗಳ ಅರ್ಥ ಹೇಳುವ ಒಂದು ಸೂಚಿ, ಒಂದು ಸ್ಕೇಲ್ ಪಟ್ಟಿ, ಅಷ್ಟೇ.

ಮೊದಲು ಫೋಟೋ ಸರಿ ಮಾಡಿಕೊಳ್ಳಿ

ಒಂದೇ ಫೋಟೋದಲ್ಲಿ ಕೆಲಸ ಆಗುವುದಿಲ್ಲ. ನಾನು ಅಣ್ಣನಿಗೆ ಆರು ಫೋಟೋ ಹೇಳುತ್ತೇನೆ. ಇಡೀ ಪುಟ ಒಂದು, ಸೂಚಿಯ ಪೆಟ್ಟಿಗೆ ಮಾತ್ರ ಒಂದು, ಆಮೇಲೆ ನಕ್ಷೆಯನ್ನು ನಾಲ್ಕು ಭಾಗ ಮಾಡಿ ನಾಲ್ಕು. ಒಂದು ಭಾಗದ ಅಂಚು ಮುಂದಿನ ಭಾಗದಲ್ಲೂ ಎರಡು ಬೆರಳಿನಷ್ಟು ಬರಬೇಕು, ಇಲ್ಲದಿದ್ದರೆ ಜೋಡಿಸುವಾಗ ಒಂದು ನದಿ ಎಲ್ಲಿಗೆ ಹೋಯಿತು ಎಂದು ಹುಡುಕುತ್ತಾ ಕೂರಬೇಕಾಗುತ್ತದೆ.

ಪುಸ್ತಕವನ್ನು ನೆಲದಲ್ಲಿ ಬಿಡಿಸಿಟ್ಟು, ಫೋನನ್ನು ಪುಟಕ್ಕೆ ಸಮವಾಗಿ ಮೇಲಿನಿಂದ ಹಿಡಿಯಬೇಕು. ಓರೆಯಾಗಿ ಹಿಡಿದರೆ ಪುಟದ ದೂರದ ತುದಿ ಕುಗ್ಗುತ್ತದೆ, ಕುಂದಾಪುರ ಮತ್ತು ಬೈಂದೂರು ಪಕ್ಕಪಕ್ಕದ ಮನೆಗಳ ಹಾಗೆ ಕಾಣುತ್ತವೆ. ಹೊಲಿಗೆಯ ಕಡೆ ಪುಟ ಬಾಗಿದ್ದರೂ ಇದೇ ತೊಂದರೆ. ಅಲ್ಲಿ ಒಂದು ಪಾರದರ್ಶಕ ಗಾಜಿನ ಹಾಳೆ ಒತ್ತಿ ಇಡುವುದಕ್ಕಿಂತ ಒಬ್ಬರು ಬೆರಳಿನಲ್ಲಿ ಅಂಚು ಒತ್ತಿ ಹಿಡಿದರೆ ಒಳ್ಳೆಯದು, ಗಾಜು ಹೊಳೆಯುತ್ತದೆ. ಫ್ಲ್ಯಾಶ್ ಬೇಡ, ನುಣುಪು ಕಾಗದದಲ್ಲಿ ನಡುವೆ ಬಿಳಿ ಮಚ್ಚೆ ಬಿದ್ದು ಅದರ ಕೆಳಗಿನ ಎರಡು ಮೂರು ಊರು ಮಾಯವಾಗುತ್ತವೆ. ಕಿಟಕಿಯ ಪಕ್ಕ, ಹಗಲು ಹೊತ್ತಿನಲ್ಲಿ ತೆಗೆದರೆ ಸಾಕು. ಮಳೆಗಾಲದ ಮಂಕು ಬೆಳಕು ಇದಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ.

ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೋ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ. ಫೋಟೋ ಎಂದು ಕಳಿಸಿದರೆ ಅದು ಚಿಕ್ಕದಾಗುತ್ತದೆ, ಆಗ ಮೊದಲು ಹಾಳಾಗುವುದು ಸಣ್ಣ ಅಕ್ಷರ. ಒತ್ತಕ್ಷರ ಹೋಗಿ ಬಂಟ್ವಾಳ ‘ಬಂಟಾಳ’ ಆಗುತ್ತದೆ, ಉಪ್ಪಿನಂಗಡಿ ‘ಉಪಿನಂಗಡಿ’ ಆಗುತ್ತದೆ. ಇಂಥ ಊರಿನ ಹೆಸರನ್ನು ಸರಿ ಮಾಡಿಕೊಳ್ಳಬಹುದು, ಆದರೆ ಎತ್ತರದ ಅಂಕಿಯಲ್ಲಿ 3 ಮತ್ತು 8 ಕಲಸಿಕೊಂಡರೆ ಏನೂ ಮಾಡುವ ಹಾಗಿಲ್ಲ.

ತಲೆಬರಹದ ಚೀಟಿ

ನಕ್ಷೆಯ ಒಳಗೆ ಹೋಗುವ ಮೊದಲು ಅದರ ಸುತ್ತ ಏನೇನಿದೆ ಎಂದು ಬರೆಯಿರಿ. ಒಂದು ವಿಷಯಕ್ಕೆ ಒಂದು ಸಾಲು, ಸಾಲಿನ ಮೊದಲಿಗೆ ಅದರ ಹೆಸರು. ಸ್ಕ್ರೀನ್ ರೀಡರ್‌ನಲ್ಲಿ ಕೇಳುವವರು ಬೆರಳಿನಿಂದ ಒಂದೊಂದು ಸಾಲು ದಾಟುತ್ತಾ ಹೋಗುತ್ತಾರೆ. ಸಾಲಿನ ಮೊದಲ ಪದ ಕೇಳಿದ ಕೂಡಲೇ ಇದು ಬೇಕಾ, ಮುಂದೆ ಹೋಗಬೇಕಾ ಎಂದು ಅವರಿಗೆ ಗೊತ್ತಾಗಬೇಕು.

ನಕ್ಷೆಯ ಹೆಸರು: ದಕ್ಷಿಣ ಕನ್ನಡ ಮತ್ತು ಉಡುಪಿ, ಪ್ರಾಕೃತಿಕ
ಆಕಾರ: ಉದ್ದ ಪುಟ, ನೆಲ ಬಲಭಾಗದಲ್ಲಿ, ಸಮುದ್ರ ಎಡಭಾಗದಲ್ಲಿ
ಉತ್ತರ ದಿಕ್ಕು: ಮೇಲೆ, ಬಾಣದ ಗುರುತು ಬಲ ಮೂಲೆಯಲ್ಲಿದೆ
ಸ್ಕೇಲ್: ಪಟ್ಟಿಯ ರೂಪದಲ್ಲಿ, 0ರಿಂದ 20 ಕಿಲೋಮೀಟರ್
ಸುತ್ತಮುತ್ತ: ಉತ್ತರಕ್ಕೆ ಉತ್ತರ ಕನ್ನಡ, ಪೂರ್ವಕ್ಕೆ ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಕೊಡಗು, ದಕ್ಷಿಣಕ್ಕೆ ಕೇರಳದ ಕಾಸರಗೋಡು, ಪಶ್ಚಿಮಕ್ಕೆ ಅರಬ್ಬೀ ಸಮುದ್ರ
ಸೂಚಿ ಎಲ್ಲಿ: ಎಡ ಕೆಳಮೂಲೆಯಲ್ಲಿ, ಸಮುದ್ರದ ಮೇಲೆ ಇಟ್ಟ ಪೆಟ್ಟಿಗೆ

ಕೊನೆಯ ಸಾಲು ಸಣ್ಣದು ಅನ್ನಿಸಬಹುದು, ಆದರೆ ಕರಾವಳಿಯ ನಕ್ಷೆಯಲ್ಲಿ ಇದು ಬೇಕೇ ಬೇಕು. ನಮ್ಮ ಜಿಲ್ಲೆಗಳು ಉತ್ತರ ದಕ್ಷಿಣವಾಗಿ ಉದ್ದಕ್ಕಿವೆ, ಪುಟದ ಎಡಗಡೆ ಸಮುದ್ರ ಖಾಲಿ ಉಳಿಯುತ್ತದೆ, ಅಚ್ಚು ಹಾಕುವವರು ಸೂಚಿಯನ್ನು ಅಲ್ಲೇ ತಂದು ಇಡುತ್ತಾರೆ. ಪೆಟ್ಟಿಗೆಯ ಒಳಗಿನ ಹಸಿರು ಚೌಕ, ಕಂದು ಚೌಕ ಇವೆಲ್ಲ ಸಮುದ್ರದಲ್ಲಿರುವ ದ್ವೀಪ ಅಲ್ಲ ಎಂದು ಕಣ್ಣಿರುವವರಿಗೆ ಹೇಳಬೇಕಾಗಿಲ್ಲ. ಕೇಳಿ ತಿಳಿಯುವವರಿಗೆ ಹೇಳಲೇಬೇಕು.

ಸೂಚಿ ಮೊದಲು, ನಕ್ಷೆ ಆಮೇಲೆ

ಹೆಚ್ಚಿನವರು ನಕ್ಷೆಯಿಂದ ಶುರು ಮಾಡಿ, ಸಂಶಯ ಬಂದಾಗ ಮಾತ್ರ ಸೂಚಿ ನೋಡುತ್ತಾರೆ. ಬರೆಯುವಾಗ ಇದು ತಿರುಗಾ ಮುರುಗಾ ಆಗಬೇಕು. ಸೂಚಿಯ ಪ್ರತಿ ಸಾಲಿಗೂ ಒಂದು ನಂಬರ್ ಕೊಡಿ. ಮೊದಲು ಚಿಹ್ನೆ ಹೇಗೆ ಕಾಣುತ್ತದೆ ಎಂದು ಮಾತಿನಲ್ಲಿ, ಆಮೇಲೆ ಅದರ ಅರ್ಥ ಸೂಚಿಯಲ್ಲಿ ಇದ್ದ ಹಾಗೆಯೇ. ಚಿಹ್ನೆಯನ್ನೇ ಟೈಪ್ ಮಾಡಬೇಡಿ, ತ್ರಿಕೋನದ ಚಿತ್ರ ಹಾಕಿದರೆ ಕೆಲವು ಫೋನು ಅದನ್ನು ಓದದೇ ಹಾರಿಸುತ್ತವೆ.

ಸೂ 1: ಹಸಿರು ಬಣ್ಣ, 0ರಿಂದ 150 ಮೀಟರ್ ಎತ್ತರ
ಸೂ 2: ಹಳದಿ ಬಣ್ಣ, 150ರಿಂದ 600 ಮೀಟರ್
ಸೂ 3: ಕಂದು ಬಣ್ಣ, 600 ಮೀಟರಿಗಿಂತ ಜಾಸ್ತಿ
ಸೂ 4: ನೀಲಿ ಗೆರೆ, ನದಿ
ಸೂ 5: ದಪ್ಪ ಕೆಂಪು ಗೆರೆ; ರಾಷ್ಟ್ರೀಯ ಹೆದ್ದಾರಿ
ಸೂ 6: ಕಪ್ಪು ಗೆರೆ, ಅದರ ಮೇಲೆ ಸಣ್ಣ ಅಡ್ಡಗೀಟು, ರೈಲು
ಸೂ 7: ಗೀಟು ಚುಕ್ಕಿ ಗೀಟು ಚುಕ್ಕಿ, ಜಿಲ್ಲೆಯ ಗಡಿ
ಸೂ 8: ಬರೀ ಗೀಟುಗಳ ಸಾಲು, ತಾಲ್ಲೂಕಿನ ಗಡಿ
ಸೂ 9: ಕಪ್ಪು ತ್ರಿಕೋನ, ಪಕ್ಕದಲ್ಲಿ ಅಂಕಿ, ಶಿಖರ, ಎತ್ತರ ಮೀಟರಿನಲ್ಲಿ

ಇಲ್ಲಿ ಸೂ 1 ನೋಡಿ. ಅಣ್ಣನ ಮಗಳು ಕೇಳಿದ ಎರಡನೇ ಪ್ರಶ್ನೆ ಇದೇ. “ಹಸಿರು ಅಂದ್ರೆ ಕಾಡು ಅಲ್ವಾ? ಮಂಗಳೂರಲ್ಲಿ ಎಲ್ಲಿಯ ಕಾಡು?” ಎತ್ತರ ತೋರಿಸುವ ಪ್ರಾಕೃತಿಕ ನಕ್ಷೆಯಲ್ಲಿ ಹಸಿರು ಎಂದರೆ ತಗ್ಗು ನೆಲ. ಅದೇ ಸರ್ವೇ ಆಫ್ ಇಂಡಿಯಾದ ಟೋಪೋ ಶೀಟಿನಲ್ಲಿ ಹಸಿರು ಎಂದರೆ ಕಾಡು ಮತ್ತು ಗಿಡಮರ, ಹಳದಿ ಎಂದರೆ ಸಾಗುವಳಿ ಭೂಮಿ, ಎತ್ತರವನ್ನು ಕಂದು ಬಣ್ಣದ ಸಮೋನ್ನತಿ ರೇಖೆಗಳು ಹೇಳುತ್ತವೆ. ಬಣ್ಣ ಒಂದೇ, ಅರ್ಥ ಬೇರೆ. ಹಾಗಾಗಿ ಟಿಪ್ಪಣಿಯಲ್ಲಿ ‘ಹಸಿರು ಪ್ರದೇಶ’ ಎಂದು ಎಲ್ಲೂ ಬರೆಯುವುದಿಲ್ಲ, ‘ಸೂ 1, ತಗ್ಗು ನೆಲ’ ಎಂದೇ ಬರೆಯುತ್ತೇನೆ. ಬಣ್ಣದ ಹೆಸರು ಸೂಚಿಯ ಪಟ್ಟಿಯಲ್ಲಿ ಒಂದು ಸಲ ಬಂದರೆ ಸಾಕು.

ಬಣ್ಣ ಗುರುತಿಸುವಾಗ ಇನ್ನೊಂದು ಎಚ್ಚರ. ಮನೆಯ ಹಳದಿ ಬಲ್ಬಿನ ಕೆಳಗೆ ತೆಗೆದ ಫೋಟೋದಲ್ಲಿ ಹಳದಿಯೂ ತಿಳಿ ಕಂದೂ ಒಂದೇ ಥರ ಕಾಣುತ್ತವೆ. ಸೂಚಿಯ ಹತ್ತಿರದ ಫೋಟೋದಲ್ಲಿ ಕಂಡ ಬಣ್ಣವನ್ನು ಇನ್ನೊಂದು ಫೋಟೋದ ನಕ್ಷೆಗೆ ಹೋಲಿಸಬೇಡಿ. ಹೋಲಿಸುವುದಾದರೆ ಇಡೀ ಪುಟದ ಫೋಟೋದಲ್ಲಿ, ಅಲ್ಲಿನ ಸೂಚಿಯ ಚೌಕವನ್ನೂ ಅಲ್ಲಿನ ನಕ್ಷೆಯ ಬಣ್ಣವನ್ನೂ ಹೋಲಿಸಿ, ಎರಡಕ್ಕೂ ಒಂದೇ ಬೆಳಕು ಬಿದ್ದಿರುತ್ತದೆ. ಜೆರಾಕ್ಸ್ ಪ್ರತಿಯಾದರೆ ಬಣ್ಣದ ಬದಲು ಗೀಟಿನ ಓರೆ, ಚುಕ್ಕಿಯ ದಟ್ಟಣೆ ನೋಡಬೇಕು. ಬಣ್ಣದ ನಕ್ಷೆಯನ್ನೇ ಜೆರಾಕ್ಸ್ ಮಾಡಿದ್ದರೆ ಬಿಟ್ಟುಬಿಡಿ, ಮೂಲ ಪುಟವನ್ನೇ ಕೇಳಿ.

ಸೂಚಿ ಮುಗಿದ ಮೇಲೆ ಒಂದು ಸಲ ನಕ್ಷೆಯ ಮೇಲೆಲ್ಲ ಕಣ್ಣಾಡಿಸಿ, ನಕ್ಷೆಯಲ್ಲಿದ್ದು ಸೂಚಿಯಲ್ಲಿ ಇಲ್ಲದ ಗುರುತು ಹುಡುಕಿ. ಈ ಪುಟದಲ್ಲಿ ಎರಡು ಸಿಕ್ಕಿದವು. ಪಣಂಬೂರಿನ ಹತ್ತಿರ ಒಂದು ಲಂಗರು, ಬಜ್ಪೆಯ ಹತ್ತಿರ ಒಂದು ವಿಮಾನ. ಬಂದರು, ವಿಮಾನ ನಿಲ್ದಾಣ ಎಂದು ನಮಗೆ ಗೊತ್ತು, ಆದರೂ ‘ಸೂಚಿಯಲ್ಲಿ ಇಲ್ಲ, ಲಂಗರಿನ ಚಿತ್ರ, ಬಂದರು ಇರಬೇಕು’ ಎಂದು ಬೇರೆಯೇ ಬರೆಯಿರಿ. ನಕ್ಷೆ ಹೇಳಿದ್ದು ಯಾವುದು, ನಾವು ಸೇರಿಸಿದ್ದು ಯಾವುದು ಎಂದು ಓದುವವರಿಗೆ ತಿಳಿಯಬೇಕು.

ನಕ್ಷೆಯನ್ನು ನಾಲ್ಕು ಮನೆ ಮಾಡುವುದು

‘ಸ್ವಲ್ಪ ಮೇಲೆ’, ‘ಬಲಕ್ಕೆ ಒಂಚೂರು’ ಎಂಬ ಮಾತಿನಿಂದ ಯಾರಿಗೂ ನಕ್ಷೆ ಮೂಡುವುದಿಲ್ಲ. ಒಂದು ಚೌಕಟ್ಟು ಬೇಕು. ನಮ್ಮ ಎರಡು ಜಿಲ್ಲೆಗಳಿಗೆ ಒಂದು ಒಳ್ಳೆಯ ಚೌಕಟ್ಟು ತಾನಾಗಿಯೇ ಸಿಗುತ್ತದೆ. 13 ಡಿಗ್ರಿ ಉತ್ತರ ಅಕ್ಷಾಂಶದ ಗೆರೆ ಸುರತ್ಕಲ್ ಹತ್ತಿರ ನೆಲಕ್ಕೆ ಬರುತ್ತದೆ. 75 ಡಿಗ್ರಿ ಪೂರ್ವ ರೇಖಾಂಶದ ಗೆರೆ ಕಾರ್ಕಳ, ಮೂಡುಬಿದಿರೆಯ ಪಕ್ಕದಲ್ಲೇ ಇಳಿದು ಬಿ.ಸಿ. ರೋಡಿನ ಹತ್ತಿರ ಹಾದುಹೋಗುತ್ತದೆ. ಎರಡೂ ಗೆರೆ ಒಂದನ್ನೊಂದು ದಾಟುವುದು ಮೂಡುಬಿದಿರೆಯಿಂದ ಸ್ವಲ್ಪ ದಕ್ಷಿಣಕ್ಕೆ. ಅಟ್ಲಾಸಿನಲ್ಲಿ ಈ ಎರಡೂ ಗೆರೆ ತೆಳುವಾಗಿ ಅಚ್ಚಾಗಿರುತ್ತವೆ. ಅವನ್ನೇ ಗೋಡೆ ಮಾಡಿಕೊಂಡರೆ ನಾಲ್ಕು ಮನೆ ಆಯಿತು.

ಮನೆ 1, ವಾಯವ್ಯ: ಉಡುಪಿ, ಮಲ್ಪೆ, ಕುಂದಾಪುರ, ಬೈಂದೂರು, ಮುಲ್ಕಿ
ಮನೆ 2, ಈಶಾನ್ಯ: ಹೆಚ್ಚು ಬೆಟ್ಟ, ಕುದುರೆಮುಖ
ಮನೆ 3, ನೈಋತ್ಯ: ಮಂಗಳೂರು, ಉಳ್ಳಾಲ
ಮನೆ 4, ಆಗ್ನೇಯ: ಬಂಟ್ವಾಳ, ಪುತ್ತೂರು, ಉಪ್ಪಿನಂಗಡಿ, ಧರ್ಮಸ್ಥಳ, ಸುಳ್ಯ

ಬೆಳ್ತಂಗಡಿ 13 ಡಿಗ್ರಿ ಗೆರೆಗೆ ತಾಗಿದ ಹಾಗೆ ಕೆಳಗಿದೆ, ಕಾರ್ಕಳ 75ರ ಗೆರೆಯ ಮೇಲೇ ಕೂತ ಹಾಗಿದೆ. ಇಂಥವನ್ನು ಬಲವಂತವಾಗಿ ಒಂದು ಮನೆಗೆ ಹಾಕಬೇಡಿ, ‘ಗೆರೆಯ ಹತ್ತಿರ’ ಎಂದೇ ಬರೆಯಿರಿ. ಅವೇ ಆಮೇಲೆ ಹಿಡಿದು ನಡೆಯುವ ಕಂಬಿಯ ಹಾಗೆ ಉಪಯೋಗಕ್ಕೆ ಬರುತ್ತವೆ.

ವಾಯವ್ಯ, ನೈಋತ್ಯ ಎಂಬ ಹೆಸರು ಮಕ್ಕಳಿಗೆ ಕಲಸಿಹೋಗುತ್ತವೆ. ನಮ್ಮ ಕಡೆಯ ಮಕ್ಕಳಿಗೆ ಊರಿನ ಹೆಸರಿನಲ್ಲೇ ದಿಕ್ಕು ಉಂಟು ಎಂದು ನೆನಪಿಸಿ. ಪಡುಬಿದ್ರಿಯ ಪಡು ಪಶ್ಚಿಮ, ಮೂಡುಬಿದಿರೆಯ ಮೂಡು ಪೂರ್ವ. ನಕ್ಷೆಯಲ್ಲೂ ಪಡುಬಿದ್ರಿ ಸಮುದ್ರದ ಬದಿ, ಮೂಡುಬಿದಿರೆ ಒಳನಾಡಿನಲ್ಲಿ. ಬಡಗು ಉತ್ತರ, ತೆಂಕು ದಕ್ಷಿಣ, ಅದನ್ನು ಯಕ್ಷಗಾನ ನೋಡಿದ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಟಿಪ್ಪಣಿಯಲ್ಲಿ ಶಾಲೆಯ ಪದವನ್ನೇ ಇಡಿ, ಪರೀಕ್ಷೆಯಲ್ಲಿ ಅದೇ ಬರುವುದು.

ಪ್ರದೇಶಗಳು

ಒಂದು ಪುಟದಲ್ಲಿ ಪ್ರದೇಶಗಳ ಎರಡು ಪದರ ಇರುತ್ತವೆ. ಎತ್ತರದ ಬಣ್ಣ ಒಂದು ಪದರ, ತಾಲ್ಲೂಕು ಇನ್ನೊಂದು. ಎರಡನ್ನೂ ಕಲಸಿ ‘ಕಾರ್ಕಳ ತಾಲ್ಲೂಕು ಹಳದಿ’ ಎಂದು ಬರೆದರೆ ತಪ್ಪಾಗುತ್ತದೆ, ಯಾಕೆಂದರೆ ಒಂದೇ ತಾಲ್ಲೂಕಿನಲ್ಲಿ ಮೂರು ಬಣ್ಣವೂ ಇರಬಹುದು. ಒಂದು ಪದರ ಪೂರ್ತಿ ಮುಗಿಸಿ, ಆಮೇಲೆ ಇನ್ನೊಂದು.

ಪ್ರತಿ ಪ್ರದೇಶಕ್ಕೂ ನಾನು ನಾಲ್ಕು ಸಾಲು ಬರೆಯುತ್ತೇನೆ. ಸೂಚಿಯ ನಂಬರ್, ಆಕಾರ, ಎಲ್ಲಿಂದ ಎಲ್ಲಿಗೆ, ಪಕ್ಕದಲ್ಲಿ ಯಾವುದು. ಉದಾಹರಣೆಗೆ ತಗ್ಗು ನೆಲ.

ಪ್ರದೇಶ 1: ಕರಾವಳಿಯ ತಗ್ಗು ನೆಲ
ಸೂಚಿ: ಸೂ 1
ಆಕಾರ: ಉತ್ತರದಿಂದ ದಕ್ಷಿಣಕ್ಕೆ ಉದ್ದ ಪಟ್ಟಿ. ಬೈಂದೂರಿನ ಹತ್ತಿರ ಕಿರಿದು, ದಕ್ಷಿಣಕ್ಕೆ ಬಂದ ಹಾಗೆ ಅಗಲ
ಎಲ್ಲಿ: ಮನೆ 1 ಮತ್ತು 3ರಲ್ಲಿ ಹೆಚ್ಚು. ನೇತ್ರಾವತಿಯ ಕಣಿವೆ ಹಿಡಿದು ನಾಲಿಗೆಯ ಹಾಗೆ ಮನೆ 4ರ ಒಳಗೆ ಉಪ್ಪಿನಂಗಡಿಯವರೆಗೆ ಹೋಗಿದೆ
ಪಕ್ಕ: ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಪ್ರದೇಶ 2 (ಸೂ 2)

ಆ ‘ನಾಲಿಗೆ’ಯ ಮಾತು ಬಿಟ್ಟುಬಿಟ್ಟರೆ ಕೇಳುವವರ ಮನಸ್ಸಿನಲ್ಲಿ ಮೂರು ನೇರ ಪಟ್ಟಿ ನಿಲ್ಲುತ್ತವೆ, ಧ್ವಜದ ಹಾಗೆ. ನಿಜವಾದ ಅಂಚು ಹಾಗಿಲ್ಲ. ತಗ್ಗು ನೆಲ ಹೊಳೆಯ ಜೊತೆ ಒಳಗೆ ನುಗ್ಗುತ್ತದೆ, ಎರಡು ಹೊಳೆಗಳ ನಡುವೆ ಗುಡ್ಡ ಪಶ್ಚಿಮಕ್ಕೆ ಚಾಚುತ್ತದೆ. ಅಂಚು ಎಲ್ಲಿ ತಿರುಗುತ್ತದೆಯೋ ಅಲ್ಲಿ ಒಂದು ಊರಿನ ಹೆಸರು ಕೊಡಿ. ಪ್ರತಿಯೊಂದು ಸಣ್ಣ ತಿರುವಿಗೂ ಬೇಡ, ಕೇಳಿ ಕೇಳಿ ಸುಸ್ತಾಗುತ್ತದೆ. ಒಂದು ಅಂಚಿಗೆ ಮೂರು ನಾಲ್ಕು ತಿರುವು ಸಾಕು.

ಕರಾವಳಿಯ ನಕ್ಷೆಯಲ್ಲಿ ಎಲ್ಲರೂ ಬಿಡುವ ಒಂದು ಪ್ರದೇಶ ಕುದ್ರು. ಕುಂದಾಪುರದ ಹತ್ತಿರ ಸೌಪರ್ಣಿಕಾ, ವಾರಾಹಿ ಮತ್ತು ಜೊತೆಯ ಹೊಳೆಗಳು ಕೂಡಿ ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರ ಸೇರುವ ಕಡೆ ನೀಲಿಯ ನಡುವೆ ಸಣ್ಣ ಸಣ್ಣ ಹಸಿರು ತುಂಡು ಇರುತ್ತವೆ. ಫೋಟೋದಲ್ಲಿ ಅವು ಅಚ್ಚಿನ ಕಲೆ ಅನ್ನಿಸುತ್ತವೆ. ಅವು ಹೊಳೆಯ ನಡುವಿನ ನೆಲ, ಜನ ಇರುವ ಜಾಗ. ಜೂಮ್ ಮಾಡಿ ನೋಡಿ, ತುಂಡಿನ ಸುತ್ತ ತೆಳು ಗೆರೆ ಇದ್ದರೆ ಅದು ಕುದ್ರು, ಗೆರೆ ಇಲ್ಲದೆ ಅಂಚು ಮಸುಕಾಗಿದ್ದರೆ ಕಲೆ ಇರಬಹುದು.

ಗೆರೆಗಳು: ಒಂದು ನದಿಯನ್ನು ಪೂರ್ತಿ ಬರೆಯೋಣ

ಗೆರೆಗೆ ಶುರು, ದಾರಿ, ಕೊನೆ ಎಂಬ ಮೂರು ಬೇಕು. ಅದರಲ್ಲಿ ನದಿಗೆ ಮಾತ್ರ ಹರಿಯುವ ದಿಕ್ಕು ಉಂಟು, ರಸ್ತೆಗೆ ಇಲ್ಲ. ನಕ್ಷೆಯಲ್ಲಿ ಬಾಣ ಹಾಕಿರುವುದಿಲ್ಲ. ಹಾಗಾದರೆ ದಿಕ್ಕು ಹೇಗೆ ಗೊತ್ತಾಗುತ್ತದೆ? ಎರಡು ಹೊಳೆ ಸೇರುವ ಜಾಗ ನೋಡಿ. ಎರಡೂ ಸೇರಿ ಒಂದು ಚೂಪು ಮೂಲೆ ಆಗುತ್ತದೆ, ಆ ಚೂಪು ಸಾಮಾನ್ಯವಾಗಿ ನೀರು ಹೋಗುವ ಕಡೆ ತೋರಿಸುತ್ತದೆ. ಆಮೇಲೆ ಬಣ್ಣ ನೋಡಿ, ಸೂ 3ರಿಂದ ಸೂ 1ಕ್ಕೆ ಇಳಿಯುತ್ತಿರಬೇಕು. ಎರಡೂ ಒಂದೇ ಮಾತು ಹೇಳಿದರೆ ಬರೆದುಬಿಡಿ.

ಗೆರೆ 1: ನೇತ್ರಾವತಿ
ಸೂಚಿ: ಸೂ 4
ಶುರು: ಮನೆ 2ರಲ್ಲಿ, ಸೂ 3ರ ಎತ್ತರದ ಒಳಗೆ, ಕುದುರೆಮುಖದ ಕಡೆಯಿಂದ
ದಾರಿ: ಮನೆ 4ಕ್ಕೆ ಇಳಿದು ಧರ್ಮಸ್ಥಳದ ಹತ್ತಿರ ಹಾದು ಉಪ್ಪಿನಂಗಡಿಗೆ. ಅಲ್ಲಿ ಆಗ್ನೇಯದಿಂದ ಬರುವ ಕುಮಾರಧಾರಾ ಸೇರುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಬಂಟ್ವಾಳದ ಕಡೆ
ಕೊನೆ: ಮನೆ 3. ಮಂಗಳೂರಿನ ದಕ್ಷಿಣ, ಉಳ್ಳಾಲದ ಉತ್ತರ, ಅರಬ್ಬೀ ಸಮುದ್ರ. ಉತ್ತರದಿಂದ ಬರುವ ಗುರುಪುರ ಹೊಳೆಯೂ ಇದೇ ಅಳಿವೆಗೆ ಬಂದು ಸೇರುತ್ತದೆ

ನೋಡಿ, ಇದರಲ್ಲಿ ಸೆಂಟಿಮೀಟರ್ ಇಲ್ಲ, ಡಿಗ್ರಿಯ ಕೋನ ಇಲ್ಲ. ಮನೆ, ಊರು, ಸೇರುವ ಜಾಗ, ಅಷ್ಟೇ. ಆದರೂ ಕೇಳಿದವರು ಬೆರಳಲ್ಲಿ ಮೇಜಿನ ಮೇಲೆ ಈ ನದಿಯನ್ನು ಎಳೆದು ತೋರಿಸಬಹುದು.

ಗಡಿಯ ಗೆರೆಯಲ್ಲಿ ಒಂದು ಮೋಸ ಆಗುತ್ತದೆ. ಉಡುಪಿ ಮತ್ತು ದಕ್ಷಿಣ ಕನ್ನಡದ ನಡುವಿನ ಜಿಲ್ಲೆಯ ಗಡಿ, ಅಂದರೆ ಸೂ 7, ಪೂರ್ವದಿಂದ ಹಿಡಿದುಕೊಂಡು ಬಂದರೆ ಕಡಲ ಹತ್ತಿರ ಒಮ್ಮೆಲೇ ಕಾಣೆಯಾಗುತ್ತದೆ. ಫೋಟೋ ಮಸುಕಾಗಿದೆ ಎಂದುಕೊಂಡೆ. ಹಾಗಲ್ಲ, ಅಲ್ಲಿ ಶಾಂಭವಿ ಹೊಳೆಯೇ ಗಡಿ. ಹೊಳೆಯ ಉತ್ತರಕ್ಕೆ ಹೆಜಮಾಡಿ, ಅದು ಉಡುಪಿ ಜಿಲ್ಲೆ. ದಕ್ಷಿಣಕ್ಕೆ ಮುಲ್ಕಿ, ಅದು ದಕ್ಷಿಣ ಕನ್ನಡ. ನೀಲಿ ಗೆರೆಯ ಮೇಲೆ ಗೀಟು ಚುಕ್ಕಿ ಕೂರಿಸಲು ಜಾಗ ಇಲ್ಲದೆ ಬಿಟ್ಟಿರುತ್ತಾರೆ. ಗಡಿ ಎಲ್ಲಾದರೂ ಕಡಿದ ಹಾಗೆ ಕಂಡರೆ ಅಲ್ಲಿ ಹೊಳೆ ಇದೆಯಾ ಎಂದು ಮೊದಲು ನೋಡಿ, ಟಿಪ್ಪಣಿಯಲ್ಲಿ ‘ಇಲ್ಲಿಂದ ಸಮುದ್ರದವರೆಗೆ ಗಡಿ ಹೊಳೆಯ ಜೊತೆ’ ಎಂದು ಬರೆಯಿರಿ.

ರಸ್ತೆ ಮತ್ತು ರೈಲಿಗೂ ಇದೇ ಮೂರು ಸಾಲು. ಕರಾವಳಿಯಲ್ಲಿ ಎರಡೂ ಉತ್ತರ ದಕ್ಷಿಣವಾಗಿ ಅಕ್ಕಪಕ್ಕ ಓಡುವುದರಿಂದ ಫೋಟೋದಲ್ಲಿ ಅಂಟಿಕೊಂಡ ಹಾಗೆ ಕಾಣುತ್ತವೆ. ಒಂದು ಸಲಕ್ಕೆ ಒಂದೇ ಗೆರೆ ಹಿಡಿದು ಈ ತುದಿಯಿಂದ ಆ ತುದಿಗೆ ಹೋಗಿ, ಆಮೇಲೆ ಇನ್ನೊಂದು.

ಚುಕ್ಕಿಗಳು

ಊರು ಎಂದರೆ ಚುಕ್ಕಿ, ಹೆಸರು ಅಲ್ಲ. ನನ್ನ ಮಲ್ಪೆಯ ತಪ್ಪು ಇದೇ. ಕರಾವಳಿಯ ಊರುಗಳ ಹೆಸರನ್ನು ಜಾಗ ಸಾಲದೆ ಸಮುದ್ರದ ಮೇಲೆ ಹಾಕುತ್ತಾರೆ, ಅದಕ್ಕೆ ಪ್ರತಿ ಹೆಸರಿಗೂ ಅದರ ಚುಕ್ಕಿ ಹುಡುಕಿ, ಚುಕ್ಕಿಯ ಜಾಗವನ್ನು ಬರೆಯಬೇಕು. ಒಂದು ಹೆಸರಿನ ಎರಡೂ ಬದಿಗೆ ಚುಕ್ಕಿ ಇದ್ದರೆ ಪಕ್ಕದ ಹೆಸರುಗಳನ್ನು ನೋಡಿ. ಈ ಪುಟದಲ್ಲಿ ಕರಾವಳಿಯ ಎಲ್ಲ ಹೆಸರೂ ಚುಕ್ಕಿಯ ಎಡಕ್ಕಿವೆ, ಒಳನಾಡಿನವು ಬಲಕ್ಕಿವೆ. ಆ ಕ್ರಮ ಸಿಕ್ಕಿದ ಮೇಲೆ ಸಂಶಯದ ಊರುಗಳೆಲ್ಲ ತಾವಾಗಿ ಬಗೆಹರಿದವು. ಅಕ್ಷರ ಬಿಡಿಬಿಡಿಯಾಗಿ ದೂರ ದೂರ ಹರಡಿದ್ದರೆ ಅದು ಊರಲ್ಲ, ಸಮುದ್ರದಂಥ ದೊಡ್ಡ ಪ್ರದೇಶದ ಹೆಸರು.

ಚುಕ್ಕಿಗೆ ಎರಡು ನಂಟು ಸಾಕು. ಒಂದು ಪ್ರದೇಶದ ಜೊತೆ, ಒಂದು ಗೆರೆಯ ಜೊತೆ. ‘ಮಲ್ಪೆ: ಮನೆ 1, ಸೂ 1ರ ಪಶ್ಚಿಮ ಅಂಚು, ಸಮುದ್ರದ ದಡ, ಉಡುಪಿಯ ಪಶ್ಚಿಮಕ್ಕೆ.’ ಈಗ ಅದು ನೀರಿಗೆ ಬೀಳುವುದಿಲ್ಲ. ಶಿಖರಕ್ಕೆ ಅಂಕಿಯೂ ಸೇರುತ್ತದೆ: ‘ಕುದುರೆಮುಖ: ಸೂ 9, ಮನೆ 2, ಸೂ 3ರ ಒಳಗೆ, ಅಂಕಿ 1892.’

ಅಳತೆ ತೆಗೆಯುವುದು

ನಕ್ಷೆಯಲ್ಲಿ ‘1 ಸೆಂಟಿಮೀಟರಿಗೆ ಇಷ್ಟು ಕಿಲೋಮೀಟರ್’ ಎಂದು ಬರೆದಿದ್ದರೆ ಅದು ಕಾಗದಕ್ಕೆ ಮಾತ್ರ ಸರಿ. ಫೋಟೋದಲ್ಲಿ ನಕ್ಷೆ ಹಿಗ್ಗುತ್ತದೆ, ಕುಗ್ಗುತ್ತದೆ, ಅಕ್ಷರದ ಲೆಕ್ಕ ಹಾಗೆಯೇ ಉಳಿಯುತ್ತದೆ. ಸ್ಕೇಲ್ ಪಟ್ಟಿ ಮಾತ್ರ ನಕ್ಷೆಯ ಜೊತೆಗೇ ಹಿಗ್ಗುತ್ತದೆ. ಹಾಗಾಗಿ ಪಟ್ಟಿಯನ್ನೇ ನಂಬಿ, ಇಡೀ ಪುಟದ ಫೋಟೋದಲ್ಲೇ ಅಳೆಯಿರಿ.

ನನ್ನ ಕಂಪ್ಯೂಟರಿನ ಪರದೆಯ ಮೇಲೆ 20 ಕಿಲೋಮೀಟರಿನ ಪಟ್ಟಿ 4 ಸೆಂಟಿಮೀಟರ್ ಬಂತು. ಮಂಗಳೂರಿನ ಚುಕ್ಕಿಯಿಂದ ಉಡುಪಿಯ ಚುಕ್ಕಿಗೆ 10.6 ಸೆಂಟಿಮೀಟರ್. 10.6ನ್ನು 4ರಿಂದ ಭಾಗಿಸಿ 20ರಿಂದ ಗುಣಿಸಿದರೆ 53 ಕಿಲೋಮೀಟರ್. ಬಸ್ಸಿನಲ್ಲಿ ಹೋದರೆ ಇದಕ್ಕಿಂತ ಜಾಸ್ತಿ, ಯಾಕೆಂದರೆ ಇದು ಹಕ್ಕಿ ಹಾರುವ ದೂರ. ಟಿಪ್ಪಣಿಯಲ್ಲಿ ‘ನೇರ ದೂರ’ ಎಂದು ಬರೆಯಲು ಮರೆಯಬೇಡಿ.

ಫೋಟೋ ಓರೆಯಾಗಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಲು ಅಕ್ಷಾಂಶದ ಗೆರೆಯೇ ಸಾಕು. ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿಲೋಮೀಟರ್, ಅರ್ಧ ಡಿಗ್ರಿ ಸುಮಾರು 55. ಸುರತ್ಕಲ್ ಹತ್ತಿರದ 13 ಡಿಗ್ರಿ ಗೆರೆಗೂ ಸಾಲಿಗ್ರಾಮದ ಹತ್ತಿರ ಹಾಯುವ 13 ಡಿಗ್ರಿ 30 ಮಿನಿಟಿನ ಗೆರೆಗೂ ನಡುವಿನ ದೂರವನ್ನು ಪಟ್ಟಿಯಿಂದ ಅಳೆದು ನೋಡಿ. 55ರ ಆಸುಪಾಸು ಬಂದರೆ ಸರಿ. ಅಣ್ಣ ಮೊದಲು ಕಳಿಸಿದ ಫೋಟೋದಲ್ಲಿ 47 ಬಂದಿತ್ತು, ಮೇಲಿನ ತುದಿ ಕುಗ್ಗಿತ್ತು. ಇನ್ನೊಂದು ಫೋಟೋ ಕೇಳಿದೆ.

ಹಳೆಯ ನಕ್ಷೆ, ಮತ್ತು ಖಾತ್ರಿಯ ಗುರುತು

ಈ ಪುಟದಲ್ಲಿ ಇಸವಿ ಇಲ್ಲ. ಆದರೆ ನಕ್ಷೆಯೇ ತನ್ನ ವಯಸ್ಸು ಹೇಳುತ್ತದೆ. ಉಡುಪಿ ಬೇರೆ ಜಿಲ್ಲೆಯಾಗಿ ಗಡಿ ಹಾಕಿದ್ದಾರೆ, ಅಂದರೆ 1997ರ ನಂತರದ್ದು. ಕರಾವಳಿಯ ಹೆದ್ದಾರಿಗೆ 17 ಎಂದು ನಂಬರ್ ಇದೆ. ಅದು 66 ಆದದ್ದು 2010ರಲ್ಲಿ ಹೆದ್ದಾರಿಗಳಿಗೆ ಹೊಸ ನಂಬರ್ ಕೊಟ್ಟಾಗ. ಉಡುಪಿ ಜಿಲ್ಲೆಯಲ್ಲಿ ಉಡುಪಿ, ಕುಂದಾಪುರ, ಕಾರ್ಕಳ ಎಂದು ಮೂರೇ ತಾಲ್ಲೂಕು ಇವೆ. ಬೈಂದೂರು, ಬ್ರಹ್ಮಾವರ, ಕಾಪು, ಹೆಬ್ರಿ ತಾಲ್ಲೂಕು ಆದದ್ದು ಆಮೇಲೆ.

ಇಂಥ ಕಡೆ ನಕ್ಷೆಯನ್ನು ತಿದ್ದುವ ಆಸೆ ಆಗುತ್ತದೆ. ತಿದ್ದಬೇಡಿ. ನಕ್ಷೆಯಲ್ಲಿ ಮೂರು ಇದ್ದರೆ ಮೂರೇ ಬರೆಯಿರಿ, ಅದರ ಕೆಳಗೆ ‘ನಕ್ಷೆಯ ಹೊರಗಿನ ಮಾತು’ ಎಂಬ ಹೆಸರಿನಲ್ಲಿ ಇಂದಿನ ಏಳರ ಪಟ್ಟಿ ಕೊಡಿ. ಎರಡೂ ಕಲಸಿದರೆ ಅವಳು ಪರೀಕ್ಷೆಯಲ್ಲಿ ಆ ನಕ್ಷೆಯ ಮೇಲಿನ ಪ್ರಶ್ನೆಗೆ ತಪ್ಪು ಉತ್ತರ ಬರೆಯುತ್ತಾಳೆ, ಅಥವಾ ಹಳೆಯದನ್ನೇ ಇವತ್ತಿನದು ಎಂದುಕೊಳ್ಳುತ್ತಾಳೆ.

ಹಾಗೆಯೇ ಪ್ರತಿ ಸಾಲಿನ ಕೊನೆಗೆ ಮೂರರಲ್ಲಿ ಒಂದು ಪದ ಇಡುತ್ತೇನೆ. ಅಕ್ಷರ ಅಥವಾ ಅಂಕಿ ಸ್ಪಷ್ಟವಾಗಿ ಓದಲು ಬಂದರೆ ‘ಓದಿದ್ದು’. ಆಕಾರ, ಬಣ್ಣ, ಜಾಗ ಕಣ್ಣಲ್ಲಿ ನೋಡಿ ಹೇಳಿದ್ದಾದರೆ ‘ಕಂಡದ್ದು’. ಮಸುಕಾಗಿದ್ದು ಬೇರೆ ಯಾವುದರಿಂದಲೋ ತೀರ್ಮಾನಿಸಿದ್ದಾದರೆ ‘ಊಹೆ’, ಜೊತೆಗೆ ಯಾಕೆ ಎಂದು ನಾಲ್ಕು ಪದ. ಮೇಲಿನ ಉದಾಹರಣೆಗಳಲ್ಲಿ ಓದಲು ಸುಲಭ ಆಗಲಿ ಎಂದು ಇವನ್ನು ಬಿಟ್ಟಿದ್ದೇನೆ, ನಿಜವಾದ ಟಿಪ್ಪಣಿಯಲ್ಲಿ ಬಿಡಬೇಡಿ. ನನ್ನ ಅನುಭವದಲ್ಲಿ ಒಂದು ಪುಟಕ್ಕೆ ಐದಾರು ಊಹೆ ಇದ್ದರೆ ಪರವಾಗಿಲ್ಲ. ಹದಿನೈದು ಆದರೆ ಬರೆಯುವುದನ್ನು ನಿಲ್ಲಿಸಿ, ಹೊಸ ಫೋಟೋ ತೆಗೆಸಿ.

ವಾಪಸ್ ಚಿತ್ರ ಬಿಡಿಸಿ ನೋಡುವುದು

ಬರೆದು ಮುಗಿದ ಮೇಲೆ ಆ ನಕ್ಷೆ ನೋಡದ ಒಬ್ಬರನ್ನು ಕೂರಿಸಿ. ಒಂದು ಖಾಲಿ ಹಾಳೆ, ಪೆನ್ಸಿಲ್ ಕೊಟ್ಟು ಟಿಪ್ಪಣಿ ಓದುತ್ತಾ ಹೋಗಿ, ಅವರು ಬಿಡಿಸಲಿ. ಅವರು ಕೇಳಿದ ಪ್ರತಿಯೊಂದು ಪ್ರಶ್ನೆಯನ್ನೂ ಬದಿಗೆ ಬರೆದಿಟ್ಟುಕೊಳ್ಳಿ, ಉತ್ತರ ಮಾತ್ರ ಹೇಳಬೇಡಿ. ಆ ಪ್ರಶ್ನೆ ಎದ್ದ ಸಾಲಿನಲ್ಲೇ ಏನೋ ಬಿಟ್ಟುಹೋಗಿರುತ್ತದೆ.

ಈ ಪುಟಕ್ಕೆ ನನ್ನ ಹೆಂಡತಿ ಕೂತಳು. ಅವಳು ಧಾರವಾಡದ ಕಡೆಯವಳು, ಇಲ್ಲಿನ ಹೊಳೆಗಳ ದಾರಿ ಅವಳಿಗೆ ಬಾಯಿಪಾಠ ಇಲ್ಲ, ಅದೇ ಒಳ್ಳೆಯದಾಯಿತು. ನೇತ್ರಾವತಿ ಸರಿಯಾಗಿ ಬಂತು. ಮಲ್ಪೆ ದಡದಲ್ಲೇ ಬಂತು. ಗುರುಪುರ ಹೊಳೆಗೆ ಬಂದಾಗ “ಇದು ಶುರು ಎಲ್ಲಿಂದರೀ?” ಎಂದು ಕೇಳಿ ಪೆನ್ಸಿಲ್ ಎತ್ತಿ ಹಿಡಿದಳು. ನಾನು ಅದರ ಕೊನೆ ಮಾತ್ರ ಬರೆದಿದ್ದೆ, ನೇತ್ರಾವತಿಯ ಸಾಲಿನೊಳಗೆ ಸೇರಿಸಿ ಮುಗಿಸಿದ್ದೆ. ಫೋಟೋಕ್ಕೆ ಮತ್ತೆ ಹೋಗಿ, ಅದನ್ನು ‘ಗೆರೆ 2’ ಎಂದು ಬೇರೆ ಮಾಡಿ, ಶುರು, ದಾರಿ, ಕೊನೆ ಮೂರನ್ನೂ ಬರೆದು, ಅವಳು ಅದನ್ನೂ ಎಳೆದ ಮೇಲೆ ಟಿಪ್ಪಣಿಯನ್ನು ಕಾರ್ಕಳಕ್ಕೆ ಕಳಿಸಿದೆ.